ಬೆಂಗಳೂರಿಗೆ ಹೊರಟ ವಿಮಾನ ಚೆನ್ನೈಯಲ್ಲಿ ಇಳಿದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಏಪ್ರಿಲ್, ಮೇ ತಿಂಗಳ ಸಂಜೆ ದೇವನಹಳ್ಳಿ ಕಡೆ ಗುಡುಗು ಮೋಡ ಕವಿದರೆ ಬೆಂಗಳೂರಿಗೆ ಬರಬೇಕಾದ ವಿಮಾನಗಳು ಒಂದರ ಹಿಂದೆ ಒಂದು ಬೇರೆ ಊರಿಗೆ ತಿರುಗುತ್ತವೆ. 2023ರ ಏಪ್ರಿಲ್ 4ರ ಸಂಜೆ ಹೀಗೆ 14 ವಿಮಾನಗಳು ಡೈವರ್ಟ್ ಆದವು. ಅದರಲ್ಲಿ 12 ಚೆನ್ನೈಗೆ ಹೋದವು, ಒಂದು ಕೊಯಮತ್ತೂರಿಗೆ, ಇನ್ನೊಂದು ಹೈದರಾಬಾದಿಗೆ. ಡೈವರ್ಟ್ ಆಗಲು ಬೇರೆ ಕಾರಣಗಳೂ ಇವೆ: ಪ್ರಯಾಣಿಕರಿಗೆ ಎದೆನೋವು, ವಿಮಾನದಲ್ಲಿ ದೋಷ, ಹುಸಿ ಬಾಂಬ್ ಕರೆ. ಆದರೆ ನಮ್ಮ ಕಡೆಯವರಿಗೆ ಹೆಚ್ಚಾಗಿ ಎದುರಾಗುವುದು ಹವಾಮಾನದ ಡೈವರ್ಷನ್. ಹಾಗಾಗಿ ಇಲ್ಲಿ ಅದನ್ನೇ ಮುಂದಿಟ್ಟುಕೊಂಡು ಹೇಳಿದ್ದೇನೆ.

## ಮಳೆ ಬಂದರೆ ಇಷ್ಟು ದೊಡ್ಡ ವಿಮಾನ ಇಳಿಯಲಾರದಾ?

ಮಳೆಯಲ್ಲಿ ಇಳಿಯುತ್ತದೆ. ದಿನವೂ ಇಳಿಯುತ್ತಲೇ ಇರುತ್ತವೆ. ತೊಂದರೆ ಇರುವುದು ಗುಡುಗು ಮೋಡದ ಕೆಳಗಿನ ಗಾಳಿಯಲ್ಲಿ. ಮೋಡದಿಂದ ತಣ್ಣನೆ ಗಾಳಿ ರಭಸವಾಗಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ. ಇಳಿಯುತ್ತಿರುವ ವಿಮಾನಕ್ಕೆ ಮೊದಲು ಎದುರು ಗಾಳಿ ಸಿಗುತ್ತದೆ, ಕೆಲವೇ ಕ್ಷಣದಲ್ಲಿ ಅದೇ ಗಾಳಿ ಹಿಂದಿನಿಂದ ಬೀಸುತ್ತದೆ. ರೆಕ್ಕೆಯ ಮೇಲೆ ಹರಿಯುವ ಗಾಳಿ ದಿಢೀರ್ ಕಡಿಮೆಯಾಗಿ ವಿಮಾನ ಕುಸಿಯುತ್ತದೆ. ಇದಕ್ಕೆ ವಿಂಡ್ ಶಿಯರ್ ಅಂತಾರೆ. ನೆಲಕ್ಕೆ ಹತ್ತಿರ ಇರುವಾಗ ಇದು ಎದುರಾದರೆ ಸರಿಪಡಿಸಿಕೊಳ್ಳಲು ಎತ್ತರವೇ ಉಳಿದಿರುವುದಿಲ್ಲ. ಅದಕ್ಕೇ ಕಾಕ್‌ಪಿಟ್‌ನಲ್ಲಿ ವಿಂಡ್ ಶಿಯರ್ ಎಚ್ಚರಿಕೆ ಬಂದರೆ ಪೈಲಟ್ ಇಳಿಯುವ ಯೋಚನೆ ಬಿಟ್ಟು ಮತ್ತೆ ಮೇಲೇರುತ್ತಾರೆ.

ಡಿಸೆಂಬರ್, ಜನವರಿಯ ಬೆಳಗಿನ ಮಂಜಿನ ಕಥೆ ಬೇರೆ. ಅಲ್ಲಿ ಗಾಳಿ ಇಲ್ಲ, ಕಣ್ಣಿಗೆ ರನ್‌ವೇ ಕಾಣುವುದಿಲ್ಲ ಅಷ್ಟೇ. ಸಾಧಾರಣ ಉಪಕರಣದ ಸಹಾಯದಲ್ಲಿ ಇಳಿಯಲು ರನ್‌ವೇ ಮೇಲೆ ಸುಮಾರು 550 ಮೀಟರ್ ದೂರ ಕಾಣಬೇಕು. ಬೆಂಗಳೂರಿನ ದಕ್ಷಿಣದ ರನ್‌ವೇಗೆ ಕ್ಯಾಟ್ 3ಬಿ ವ್ಯವಸ್ಥೆ ಇರುವುದರಿಂದ 50 ಮೀಟರ್ ಕಂಡರೂ ಇಳಿಯಬಹುದು. ಆದರೆ ಅದಕ್ಕೆ ವಿಮಾನದ ಉಪಕರಣವೂ ಸರಿ ಇರಬೇಕು, ಪೈಲಟ್‌ಗಳಿಗೂ ಆ ತರಬೇತಿ ಆಗಿರಬೇಕು. ಇನ್ನೊಂದು ಮಾತು: ಈ ವ್ಯವಸ್ಥೆ ಮಂಜಿಗೆ ಮದ್ದು, ಗುಡುಗು ಮೋಡಕ್ಕಲ್ಲ. "ಇಷ್ಟೆಲ್ಲ ಖರ್ಚು ಮಾಡಿಯೂ ಡೈವರ್ಟ್ ಯಾಕೆ" ಅಂತ ಬೇಸಿಗೆ ಮಳೆ ಬಂದಾಗೆಲ್ಲ ಜನ ಕೇಳುತ್ತಾರೆ. ಉತ್ತರ ಇಷ್ಟೇ.

## ಗುಡುಗು ಮಳೆ ಮುಕ್ಕಾಲು ಗಂಟೆಯಲ್ಲಿ ನಿಲ್ಲುತ್ತದೆ. ಮೇಲೆಯೇ ಸುತ್ತುತ್ತಾ ಕಾಯಬಹುದಲ್ವಾ?

ಕಾಯುತ್ತಾರೆ. ಎಷ್ಟು ಹೊತ್ತು ಅನ್ನುವುದನ್ನು ಇಂಧನ ಹೇಳುತ್ತದೆ. ದೆಹಲಿಯಿಂದ ಬೆಂಗಳೂರಿಗೆ ಬರುವ ಒಂದು ಏರ್‌ಬಸ್ ಎ320 ತೆಗೆದುಕೊಂಡು ಲೆಕ್ಕ ಹಾಕೋಣ. ಇಲ್ಲಿರುವ ಅಂಕಿಗಳು ಸುಮಾರು ಲೆಕ್ಕದವು. ವಿಮಾನದ ತೂಕ, ಗಾಳಿ ನೋಡಿಕೊಂಡು ಬದಲಾಗುತ್ತವೆ.

ದೆಹಲಿಯಲ್ಲಿ ಹೊರಡುವಾಗ ದಾರಿ ಖರ್ಚಿಗೆ ಸುಮಾರು 6 ಟನ್ ಇಂಧನ. ಅದರ ಮೇಲೆ ಶೇಕಡಾ 5ರಷ್ಟು, ಅಂದರೆ 300 ಕೆಜಿ, ಅನಿರೀಕ್ಷಿತ ಖರ್ಚಿಗೆ. ಬೆಂಗಳೂರಲ್ಲಿ ಇಳಿಯಲಾಗದಿದ್ದರೆ ಚೆನ್ನೈ ತಲುಪಲು 1.7 ಟನ್. ಕೊನೆಗೆ, ಏನೇ ಆದರೂ ಮುಟ್ಟಬಾರದ ಮೀಸಲು: 30 ನಿಮಿಷ ಹಾರುವಷ್ಟು, ಸುಮಾರು 1.1 ಟನ್. ಸಂಜೆ ಮಳೆಯ ಮುನ್ಸೂಚನೆ ಇದ್ದರೆ ಪೈಲಟ್ ಇನ್ನೊಂದು 1.1 ಟನ್ ಜಾಸ್ತಿ ಹಾಕಿಸಿಕೊಂಡಿರುತ್ತಾರೆ.

ಹಾಗೆ ಬಂದರೆ ಬೆಂಗಳೂರಿನ ಮೇಲೆ ಟ್ಯಾಂಕಿನಲ್ಲಿ 4.2 ಟನ್ ಉಳಿದಿರುತ್ತದೆ. ಚೆನ್ನೈ ದಾರಿಯದ್ದು, ಮೀಸಲಿನದ್ದು ಸೇರಿಸಿದರೆ 2.8 ಟನ್. ಟ್ಯಾಂಕ್ ಅಷ್ಟಕ್ಕೆ ಇಳಿದ ಕ್ಷಣ ಚೆನ್ನೈ ಕಡೆ ತಿರುಗಲೇಬೇಕು. ಕಾಯಲು ಸಿಗುವುದು ಉಳಿದ 1.4 ಟನ್ ಮಾತ್ರ. ಗಂಟೆಗೆ 2.3 ಟನ್ ಸುಡುತ್ತಾ ಸುತ್ತಿದರೆ ಅದು ಮೂವತ್ತಾರು ನಿಮಿಷಕ್ಕೆ ಮುಗಿಯುತ್ತದೆ. ಮಳೆ ನಲವತ್ತೈದು ನಿಮಿಷ ಹೊಡೆದರೆ ಆಟ ಮುಗಿಯಿತು. ಮಧ್ಯದಲ್ಲಿ ಒಂದು ಸಲ ಇಳಿಯಲು ಹೋಗಿ ಮತ್ತೆ ಮೇಲೇರಿದ್ದರೆ ಆ ಮೂವತ್ತಾರರಲ್ಲೂ ಹತ್ತು ನಿಮಿಷ ಹೋಗಿರುತ್ತದೆ, ಯಾಕೆಂದರೆ ಮೇಲೇರುವಾಗ ಎಂಜಿನ್ ಸಿಕ್ಕಾಪಟ್ಟೆ ಕುಡಿಯುತ್ತದೆ.

"ಇನ್ನೇನು ಇಳಿಯುತ್ತೇವೆ" ಅಂತ ಹೇಳಿದ ಐದೇ ನಿಮಿಷಕ್ಕೆ "ಚೆನ್ನೈಗೆ ಹೋಗುತ್ತಿದ್ದೇವೆ" ಅನ್ನುವುದು ಇದಕ್ಕೇ. ಪೈಲಟ್ ಮನಸ್ಸು ಬದಲಾಯಿಸಿದ್ದಲ್ಲ, ಮೊದಲೇ ಗೆರೆ ಎಳೆದಿಟ್ಟ ಜಾಗಕ್ಕೆ ಇಂಧನ ಬಂದಿರುತ್ತದೆ.

## ನಮ್ಮ ಹಿಂದೆ ಇದ್ದ ವಿಮಾನ ಬೆಂಗಳೂರಲ್ಲೇ ಇಳಿಯಿತಂತೆ. ನಮ್ಮದು ಯಾಕಿಲ್ಲ?

ಅದರಲ್ಲಿ ಇಂಧನ ಜಾಸ್ತಿ ಇದ್ದಿರಬಹುದು. ಅಥವಾ ಅದು ಹತ್ತು ನಿಮಿಷ ತಡವಾಗಿ ಬಂದದ್ದೇ ಒಳ್ಳೆಯದಾಗಿರಬಹುದು, ಅಷ್ಟರಲ್ಲಿ ಮೋಡ ಹೊಸಕೋಟೆ ಕಡೆ ಸರಿದಿರುತ್ತದೆ. ಮಂಜಾಗಿದ್ದರೆ ಪೈಲಟ್‌ಗಳ ತರಬೇತಿಯೂ ಕಾರಣ. ಈ ಪ್ರಶ್ನೆ ಹಿಡಿದು ಕ್ಯಾಬಿನ್ ಸಿಬ್ಬಂದಿ ಜೊತೆ ಜಗಳಕ್ಕೆ ನಿಲ್ಲುವವರನ್ನು ನೋಡಿದರೆ ಪಾಪ ಅನಿಸುತ್ತದೆ, ಇಬ್ಬರ ಬಗ್ಗೆಯೂ.

## ಚೆನ್ನೈಯೇ ಯಾಕೆ? ಮೈಸೂರು ಹತ್ತಿರ ಇದೆ, ಊರೊಳಗೇ ಹೆಚ್‌ಎಎಲ್ ಇದೆ.

ಮೈಸೂರಿನ ರನ್‌ವೇ 1,740 ಮೀಟರ್. ಎಟಿಆರ್‌ನಂಥ ಸಣ್ಣ ವಿಮಾನಕ್ಕೆ ಸಾಕು. ತುಂಬಿದ ಎ320 ಅಲ್ಲಿಗೆ ಒಗ್ಗುವುದಿಲ್ಲ. ಹೆಚ್‌ಎಎಲ್ ರನ್‌ವೇ ಉದ್ದ ಇದೆ, ಆದರೆ ದೇವನಹಳ್ಳಿ ಮೇಲಿನ ಮೋಡ ಹೆಚ್ಚಿನ ಸಲ ಅದರ ಮೇಲೂ ಇರುತ್ತದೆ. ಅಲ್ಲದೆ 2008ರಲ್ಲಿ ಹೊಸ ವಿಮಾನ ನಿಲ್ದಾಣ ಶುರುವಾದ ಮೇಲೆ ಅಲ್ಲಿ ಟಿಕೆಟ್ ಪ್ರಯಾಣಿಕರ ಏರ್ಪಾಡು ನಿಂತಿದೆ. ಬದಲಿ ನಿಲ್ದಾಣ ಅಂದರೆ ಬರೀ ರನ್‌ವೇ ಅಲ್ಲ. ನಿಲ್ಲಿಸಲು ಜಾಗ ಬೇಕು, ಇಂಧನದ ಲಾರಿ ಬೇಕು, ಏಣಿ ಬೇಕು, ಆ ಕಂಪನಿಯ ಎಂಜಿನಿಯರ್ ಬೇಕು, ಆ ಹೊತ್ತಿಗೆ ನಿಲ್ದಾಣ ತೆರೆದಿರಬೇಕು. ಇವೆಲ್ಲ ಒಟ್ಟಿಗೆ ಸಿಗುವ, ಹವೆ ಬೇರೆಯಾಗಿರುವ ಹತ್ತಿರದ ಊರು ಚೆನ್ನೈ. ಮಂಗಳೂರಿನ ಬಜ್ಪೆಗೆ ಹೋಗುವ ವಿಮಾನಗಳಿಗೆ ಮಳೆಗಾಲದಲ್ಲಿ ಬೆಂಗಳೂರು, ಕಣ್ಣೂರು, ಕೊಚ್ಚಿ ಹೀಗೆ ಬದಲಿ ಆಗುತ್ತವೆ. ಯಾವ ಊರು ಅನ್ನುವುದು ಹೊರಡುವ ಮೊದಲೇ ಹಾರಾಟದ ಯೋಜನೆಯಲ್ಲಿ ಬರೆದಿರುತ್ತದೆ.

## ಇಳಿದ ಮೇಲೂ ವಿಮಾನದೊಳಗೇ ಯಾಕೆ ಕೂರಿಸುತ್ತಾರೆ?

ಡೈವರ್ಷನ್‌ನಲ್ಲಿ ಎರಡೇ ದಾರಿ. ಒಂದು, ಇಂಧನ ತುಂಬಿಸಿಕೊಂಡು ಅದೇ ವಿಮಾನ ಬೆಂಗಳೂರಿಗೆ ಮುಂದುವರಿಯುವುದು. ಇನ್ನೊಂದು, ಹಾರಾಟವನ್ನು ಚೆನ್ನೈಯಲ್ಲೇ ಮುಗಿಸುವುದು. ನಿಮ್ಮ ಊಟ, ಬ್ಯಾಗ್, ಟಿಕೆಟ್ ಎಲ್ಲವೂ ಈ ಎರಡರಲ್ಲಿ ಯಾವುದು ಅನ್ನುವುದರ ಮೇಲೆ ನಿಂತಿರುತ್ತದೆ. ಹಾಗಾಗಿ ಸಿಬ್ಬಂದಿಯನ್ನು "ಯಾವಾಗ ಹೊರಡುತ್ತೆ" ಅಂತ ಕೇಳುವ ಮೊದಲು "ಇದೇ ವಿಮಾನ ಮುಂದೆ ಹೋಗುತ್ತಾ, ಇಲ್ಲೇ ಮುಗಿಸುತ್ತೀರಾ" ಅಂತ ಕೇಳಿ.

ಮುಂದುವರಿಯುವುದಾದರೆ ಜನರನ್ನು ಇಳಿಸದೇ ಇರುವುದು ಬೇಗದ ದಾರಿ. ಇಳಿಸಿದರೆ ಬಸ್ಸು ಬೇಕು, ಮತ್ತೆ ಭದ್ರತಾ ತಪಾಸಣೆ ಬೇಕು, ಎಲ್ಲರನ್ನೂ ಎಣಿಸಿ ಹತ್ತಿಸಬೇಕು. ಬೆಂಗಳೂರು ತೆರೆದ ಸುದ್ದಿ ಬಂದಾಗ ಜನರನ್ನು ಇಳಿಸಿದ್ದ ವಿಮಾನ ಸಾಲಿನ ಕೊನೆಗೆ ಹೋಗುತ್ತದೆ.

ಆದರೆ ಗಂಟೆಗಟ್ಟಲೆ ಕೂರಿಸುವುದೂ ಸರಿಯಲ್ಲ. 2024ರ ಜನವರಿಯಲ್ಲಿ ಗೋವಾದಿಂದ ದೆಹಲಿಗೆ ಹೊರಟ ವಿಮಾನ ಮಂಜಿನಿಂದ ಮುಂಬೈಗೆ ತಿರುಗಿತು. ತಾಸುಗಟ್ಟಲೆ ಕಾದು ಬೇಸತ್ತ ಪ್ರಯಾಣಿಕರು ಕೆಳಗಿಳಿದು ವಿಮಾನದ ಪಕ್ಕದಲ್ಲೇ ನೆಲದ ಮೇಲೆ ಕೂತು ಊಟ ಮಾಡಿದರು. ಆ ವಿಡಿಯೊ ನೀವೂ ನೋಡಿರುತ್ತೀರಿ. ವಿಮಾನಯಾನ ಕಂಪನಿಗೂ ಮುಂಬೈ ನಿಲ್ದಾಣಕ್ಕೂ ದಂಡ ಬಿತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಕೇಂದ್ರದ ವಿಮಾನಯಾನ ಭದ್ರತಾ ಬ್ಯೂರೋ ನಿಯಮ ಸಡಿಲಿಸಿ, ಹತ್ತಿದ ಮೇಲೆ ತುಂಬಾ ತಡವಾದರೆ ಪ್ರಯಾಣಿಕರನ್ನು ನಿರ್ಗಮನ ದ್ವಾರದ ಮೂಲಕವೇ ಟರ್ಮಿನಲ್‌ಗೆ ಕರೆತರಲು ಅವಕಾಶ ಕೊಟ್ಟಿತು. ನೀರು, ಎಸಿ, ಶೌಚಾಲಯ ಇವುಗಳಲ್ಲಿ ಯಾವುದಾದರೂ ಕೈಕೊಟ್ಟರೆ ಕೂಡಲೇ ಹೇಳಿ. ಸಣ್ಣ ಮಗು, ಸಕ್ಕರೆ ಕಾಯಿಲೆಯವರು ಜೊತೆಗಿದ್ದರೆ ಅದನ್ನೂ ಮೊದಲೇ ಹೇಳಿಡಿ.

## ಮತ್ತೆ ಹೊರಡಲು ಎಷ್ಟು ಹೊತ್ತು ಬೇಕು?

ಒಂದೇ ವಿಮಾನ ಬಂದಿದ್ದರೆ ಇಂಧನ, ಹೊಸ ಹಾರಾಟದ ಯೋಜನೆ, ತೂಕದ ಲೆಕ್ಕ ಎಲ್ಲ ಸೇರಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಒಟ್ಟಿಗೆ ಹನ್ನೆರಡು ಬಂದರೆ ಇಂಧನದ ಲಾರಿಗೇ ಸರದಿ. ಆಮೇಲೆ ಬೆಂಗಳೂರಲ್ಲಿ ಇಳಿಯಲು ಸಮಯ ಸಿಗಬೇಕು. ಅಲ್ಲಿ ಮಳೆ ನಿಂತರೂ ತಡವಾದ ವಿಮಾನಗಳೆಲ್ಲ ಒಂದೇ ಸಲ ಮುಗಿಬಿದ್ದಿರುತ್ತವೆ. ಎರಡರಿಂದ ಮೂರು ಗಂಟೆ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ಇದನ್ನೆಲ್ಲ ಮೀರಿದ ಒಂದು ತೊಡಕು ಪೈಲಟ್‌ಗಳ ಡ್ಯೂಟಿ ಸಮಯ. ಒಂದು ದಿನಕ್ಕೆ ಎಷ್ಟು ಗಂಟೆ ಕೆಲಸ ಅನ್ನುವುದಕ್ಕೆ ಕಾನೂನಿನ ಮಿತಿ ಇದೆ. ಅನಿರೀಕ್ಷಿತ ಸಂದರ್ಭದಲ್ಲಿ ಸ್ವಲ್ಪ ವಿಸ್ತರಿಸಬಹುದು, ಅದಕ್ಕೂ ಒಂದು ಕೊನೆ ಇದೆ. ನಿಮ್ಮ ದೆಹಲಿ ಪೈಲಟ್ ಬೆಳಗ್ಗೆಯಿಂದ ಎರಡು ಹಾರಾಟ ಮುಗಿಸಿ ಇದು ಮೂರನೆಯದ್ದಾಗಿದ್ದರೆ ಚೆನ್ನೈಯಲ್ಲೇ ಗಂಟೆ ಮುಗಿದುಹೋಗಬಹುದು. ಆಗ ಹವೆ ತಿಳಿಯಾಗಿದ್ದರೂ ಹೊಸ ಪೈಲಟ್ ಬರಬೇಕು. ಪೈಲಟ್‌ಗಳು ತಮ್ಮ ಬ್ಯಾಗ್ ಸಮೇತ ಇಳಿದು ಹೋಗುವುದು ಕಂಡರೆ, ಘೋಷಣೆ ಬರುವ ಮೊದಲೇ ಅರ್ಥ ಮಾಡಿಕೊಳ್ಳಿ.

## ನನಗೆ ಚೆನ್ನೈಯಲ್ಲೇ ಕೆಲಸ ಇದೆ. ಇಲ್ಲೇ ಇಳಿದುಬಿಡಲಾ?

ಕೇಳಬಹುದು. ಒಪ್ಪುವುದು ಬಿಡುವುದು ಪೈಲಟ್ ಮತ್ತು ಕಂಪನಿಗೆ ಬಿಟ್ಟದ್ದು. ಕೈಚೀಲ ಮಾತ್ರ ಇದ್ದರೆ ಒಪ್ಪುವ ಸಾಧ್ಯತೆ ಜಾಸ್ತಿ. ಕೆಳಗೆ ಬ್ಯಾಗ್ ಹಾಕಿದ್ದರೆ ಕಷ್ಟ. ಪ್ರಯಾಣಿಕ ತಾನಾಗಿ ಇಳಿದು ಹೋದರೆ ಅವರ ಬ್ಯಾಗ್ ವಿಮಾನದಲ್ಲಿ ಉಳಿಯಬಾರದು ಅನ್ನುವುದು ಭದ್ರತೆಯ ಮೂಲ ನಿಯಮ. ಅಂದರೆ ಬ್ಯಾಗ್‌ಗಳ ರಾಶಿಯಲ್ಲಿ ನಿಮ್ಮದನ್ನು ಹುಡುಕಿ ತೆಗೆಯಬೇಕು. ಸೀಟುಗಳ ಮೇಲಿನ ಕೈಚೀಲಗಳನ್ನೂ ಉಳಿದವರು ತಮ್ಮದು ತಮ್ಮದು ಅಂತ ಗುರುತಿಸಿ ತೋರಿಸಬೇಕು. ಒಬ್ಬರು ಇಳಿಯಲು ಹೋಗಿ ನೂರೆಂಬತ್ತು ಜನ ಅರ್ಧ ಗಂಟೆ ಕಾಯುತ್ತಾರೆ. ಸಿಬ್ಬಂದಿ ಮುಖ ಸಿಂಡರಿಸುವುದು ಸುಮ್ನೆ ಅಲ್ಲ.

ಇಳಿಯಲು ಬಿಟ್ಟರೂ ಎರಡು ವಿಷಯ ಬರಹದಲ್ಲಿ ಪಡೆಯಿರಿ. ಪ್ರಯಾಣ ಅಲ್ಲಿಗೆ ಮುಗಿದಿದೆ ಅಂತ ಕಂಪನಿಯೇ ದಾಖಲಿಸಿದೆಯಾ? ಟಿಕೆಟ್‌ನ ಮುಂದಿನ ಭಾಗ ಉಳಿದಿದೆಯಾ? ಇದನ್ನು ಕೇಳದೆ ಹೊರಟರೆ ಏನಾಗುತ್ತದೆ ಅನ್ನುವುದು ಮುಂದೆ ಬರುತ್ತದೆ.

## ನನ್ನ ಬ್ಯಾಗ್ ಈಗ ಎಲ್ಲಿ?

ವಿಮಾನ ಮುಂದುವರಿಯುವುದಾದರೆ ಬ್ಯಾಗ್ ಹೊಟ್ಟೆಯೊಳಗೇ ಇರುತ್ತದೆ. ನಿಮ್ಮನ್ನು ಟರ್ಮಿನಲ್‌ನಲ್ಲಿ ಕೂರಿಸಿದರೂ ಅದು ಅಲ್ಲೇ. ಅದಕ್ಕೇ ಔಷಧಿ, ಚಾರ್ಜರ್, ಮಗುವಿನ ಹಾಲಿನ ಪುಡಿ ಕೈಚೀಲದಲ್ಲಿರಲಿ.

ಹಾರಾಟ ಚೆನ್ನೈಯಲ್ಲೇ ಮುಗಿದರೆ ಬ್ಯಾಗ್‌ಗಳನ್ನು ಆಗಮನದ ಬೆಲ್ಟ್‌ಗೆ ಹಾಕುತ್ತಾರೆ. ಟ್ಯಾಗ್ ಮೇಲೆ BLR ಅಂತಿದ್ದರೂ ನೀವೇ ಎತ್ತಿಕೊಂಡು ಮರುದಿನ ಮತ್ತೆ ಚೆಕ್-ಇನ್ ಮಾಡಬೇಕು. ಬೆಲ್ಟ್ ಸಂಖ್ಯೆ ಫಲಕದಲ್ಲಿ ತಡವಾಗಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಕಂಪನಿಯ ಆಗಮನ ಕೌಂಟರ್‌ನಲ್ಲಿ ಕೇಳುವುದೇ ಒಳ್ಳೆಯದು.

ಎಡವಟ್ಟಾಗುವುದು ಮೂರನೆಯ ಸಂದರ್ಭದಲ್ಲಿ. ನಿಮ್ಮನ್ನು ರಾತ್ರಿಯೇ ಬೇರೆ ವಿಮಾನಕ್ಕೆ ಹತ್ತಿಸುತ್ತಾರೆ, ಬ್ಯಾಗ್ ಹಳೆಯ ವಿಮಾನದಲ್ಲೇ ಉಳಿದು ಬೆಳಗ್ಗೆ ಬರುತ್ತದೆ. ಬೇರೆ ವಿಮಾನ ಅಂದ ಕೂಡಲೇ ಟ್ಯಾಗ್ ಚೀಟಿ ತೋರಿಸಿ "ಇದನ್ನು ಆ ವಿಮಾನಕ್ಕೆ ವರ್ಗಾಯಿಸಿದ್ದೀರಾ" ಅಂತ ಕೇಳಿ. ಬೆಂಗಳೂರಲ್ಲಿ ಬ್ಯಾಗ್ ಬಾರದಿದ್ದರೆ ಹೊರಗೆ ಹೋಗುವ ಮೊದಲು ಬೆಲ್ಟ್ ಹತ್ತಿರದ ಕೌಂಟರ್‌ನಲ್ಲಿ ಪಿಐಆರ್ ಅನ್ನುವ ದೂರು ಬರೆಸಿ ಅದರ ಸಂಖ್ಯೆ ಪಡೆಯಿರಿ. ಹೊರಗೆ ಬಂದ ಮೇಲೆ ಅದೇ ದೂರು ಕೊಡುವುದು ಬಹಳ ತಾಪತ್ರಯ. ಅಂತರರಾಷ್ಟ್ರೀಯ ಪ್ರಯಾಣದಲ್ಲಿ ಬ್ಯಾಗ್ ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿದ್ದರೆ ಕೈಗೆ ಸಿಕ್ಕಿದ 21 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು.

## ನನಗೆ ಬೆಂಗಳೂರಿಂದ ಮಂಗಳೂರಿಗೆ ಇನ್ನೊಂದು ವಿಮಾನ ಇತ್ತು. ಅದು ತಪ್ಪಿತು.

ಇಲ್ಲಿ ನೋಡಬೇಕಾದ್ದು ಪಿಎನ್‌ಆರ್ ಒಂದೇನಾ ಎರಡಾ ಅನ್ನುವುದು.

ದೆಹಲಿ–ಬೆಂಗಳೂರು–ಮಂಗಳೂರು ಒಂದೇ ಪಿಎನ್‌ಆರ್‌ನಲ್ಲಿದ್ದರೆ ನಿಮ್ಮನ್ನು ಮಂಗಳೂರಿಗೆ ಮುಟ್ಟಿಸುವ ಹೊಣೆ ಕಂಪನಿಯದ್ದು. ಮುಂದಿನ ಖಾಲಿ ಸೀಟಿಗೆ ದುಡ್ಡಿಲ್ಲದೆ ಬದಲಾಯಿಸಿಕೊಡಬೇಕು. ಬೆಂಗಳೂರು ತಲುಪುವವರೆಗೆ ಕಾಯಬೇಡಿ. ಚೆನ್ನೈಯಲ್ಲಿ ನಿಂತಿರುವಾಗಲೇ ಆ್ಯಪ್‌ನಲ್ಲಿ ನೋಡಿ, ಕಾಲ್ ಸೆಂಟರ್‌ಗೆ ಫೋನ್ ಮಾಡಿ. ಮರುದಿನ ಬೆಳಗಿನ ವಿಮಾನದಲ್ಲಿ ಉಳಿದಿರುವ ಐದಾರು ಸೀಟಿಗೆ ನಿಮ್ಮ ಸುತ್ತ ಕೂತಿರುವವರೇ ಪೈಪೋಟಿ. ಚೆನ್ನೈಯಿಂದಲೇ ನೇರ ಮಂಗಳೂರಿಗೆ ಸೀಟು ಇದ್ದರೆ ಅದನ್ನೂ ಕೇಳಬಹುದು, ಬ್ಯಾಗ್ ಸಿಗುವ ಹಾಗಿದ್ದರೆ.

ಬೇರೆ ಬೇರೆ ಟಿಕೆಟ್ ಆಗಿದ್ದರೆ ಎರಡನೆಯ ಕಂಪನಿಗೆ ನೀವು ಸುಮ್ಮನೆ ಬಾರದ ಪ್ರಯಾಣಿಕರು. ಆ ವಿಮಾನ ಹೊರಡುವ ಮೊದಲೇ ಫೋನ್ ಮಾಡಿ ದಿನ ಬದಲಾಯಿಸಿಕೊಂಡರೆ ಬದಲಾವಣೆಯ ಶುಲ್ಕದಲ್ಲಿ ಮುಗಿಯಬಹುದು. ಹೊರಟುಹೋದ ಮೇಲೆ ಕೈಗೆ ಸಿಗುವುದು ಹೆಚ್ಚೆಂದರೆ ತೆರಿಗೆಯ ಮೊತ್ತ.

ಇನ್ನು ಆ ಬಾಕಿ ಮಾತು. ನೀವಾಗಿ ಚೆನ್ನೈಯಲ್ಲಿ ಇಳಿದು ರೈಲು ಹಿಡಿದರೆ, ಕಂಪನಿಯ ಲೆಕ್ಕದಲ್ಲಿ ಮಂಗಳೂರಿನ ವಿಮಾನಕ್ಕೆ ನೀವು ಬರಲಿಲ್ಲ. ಹಾಗಾದಾಗ ಅದೇ ಟಿಕೆಟ್‌ನ ಉಳಿದ ಭಾಗ, ವಾಪಸ್ ಬರುವ ಪ್ರಯಾಣವೂ ಸೇರಿ, ತಾನಾಗಿ ರದ್ದಾಗಬಹುದು. ಮುಂದಿನ ವಾರ ದೆಹಲಿಗೆ ಹೊರಟಾಗ ಕೌಂಟರ್‌ನಲ್ಲಿ ಇದು ಗೊತ್ತಾದರೆ ಏನೂ ಮಾಡಲಾಗುವುದಿಲ್ಲ. "ವಾಪಸ್ ಟಿಕೆಟ್ ಹಾಗೇ ಇರಲಿ" ಅಂತ ಕಂಪನಿಯಿಂದ ಇಮೇಲ್ ಅಥವಾ ಮೆಸೇಜ್ ಬರಿಸಿಕೊಂಡ ಮೇಲೆಯೇ ಹೊರಡಿ.

## ಹಾರಾಟ ಚೆನ್ನೈಯಲ್ಲೇ ಮುಗಿಸಿದರು. ರೈಲಲ್ಲಿ ಬರುವುದೇ ವಾಸಿಯಾ?

ಎಷ್ಟೋ ಸಲ ವಾಸಿ. ಚೆನ್ನೈ ವಿಮಾನ ನಿಲ್ದಾಣದಿಂದ ಮೆಟ್ರೋ ನೇರ ಸೆಂಟ್ರಲ್‌ಗೆ ಹೋಗುತ್ತದೆ. ವಂದೇ ಭಾರತ್ ರೈಲು ಬೆಂಗಳೂರಿಗೆ ಸುಮಾರು ನಾಲ್ಕೂವರೆ ಗಂಟೆಯಲ್ಲಿ ತಲುಪುತ್ತದೆ, ರಾತ್ರಿಗೆ ಬೆಂಗಳೂರು ಮೇಲ್ ಇದೆ. ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್, ಆರೇಳು ಗಂಟೆ. ಕೆಲವು ಸಲ ಕಂಪನಿಯೇ ಬಸ್ ಮಾಡುತ್ತದೆ. ರೈಲು ಮೆಜೆಸ್ಟಿಕ್ ಹತ್ತಿರ ಇಳಿಸುತ್ತದೆ ಅನ್ನುವುದು ನೆನಪಿರಲಿ. ಕಾರು ದೇವನಹಳ್ಳಿ ಪಾರ್ಕಿಂಗ್‌ನಲ್ಲಿ ಬಿಟ್ಟು ಹೋದವರು ಮತ್ತೆ ಅಲ್ಲಿಗೆ ಹೋಗಬೇಕು.

ವಿಮಾನ ಇನ್ನೂ "ತಡ" ಅಂತಲೇ ಇರುವಾಗ ಹೊರಟರೆ ಹಣ ವಾಪಸ್ ಕೇಳುವುದು ಕಷ್ಟ. ರದ್ದು ಅಂತ ಘೋಷಿಸಿದ ಮೇಲೆ, ಉಳಿದ ಪ್ರಯಾಣದ ಹಣ ಕೊಡುತ್ತೀರಾ, ಬೇರೆ ವಿಮಾನ ಕೊಡುತ್ತೀರಾ ಅಂತ ಕೇಳಿ ಆರಿಸಿಕೊಳ್ಳಿ. ಎರಡನ್ನೂ ಯಾರೂ ಕೊಡುವುದಿಲ್ಲ.

## ಊಟ, ಹೋಟೆಲ್, ಪರಿಹಾರ ಸಿಗುತ್ತಾ?

ಹವಾಮಾನ ಕಾರಣವಾದರೆ ಪರಿಹಾರದ ಹಣ ಸಿಗುವುದಿಲ್ಲ. ವಿಮಾನಯಾನದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮದಲ್ಲಿ ಹವಾಮಾನ, ವಾಯು ಸಂಚಾರ ನಿಯಂತ್ರಣ, ಭದ್ರತೆ ಇವೆಲ್ಲ ಕಂಪನಿಯ ಕೈ ಮೀರಿದವು.

ಊಟ, ತಿಂಡಿ ಬೇರೆ ವಿಷಯ. ಎರಡೂವರೆ ಗಂಟೆವರೆಗಿನ ಹಾರಾಟ 2 ಗಂಟೆ ತಡವಾದರೆ, ಎರಡೂವರೆಯಿಂದ ಐದು ಗಂಟೆಯದ್ದು 3 ಗಂಟೆ ತಡವಾದರೆ ತಿಂಡಿ, ಪಾನೀಯ ಕೊಡಬೇಕು ಅನ್ನುತ್ತದೆ ನಿಯಮ. ಹೋಟೆಲ್‌ನ ಮಾತು ಬರುವುದು 24 ಗಂಟೆ ಮೀರಿದರೆ, ಅಥವಾ ರಾತ್ರಿ 8ರಿಂದ ಬೆಳಗಿನ ಜಾವ 3ರೊಳಗೆ ಹೊರಡಬೇಕಿದ್ದ ವಿಮಾನ 6 ಗಂಟೆ ಮೀರಿ ತಡವಾದರೆ. ಆದರೆ ಈ ನಿಯಮ ಬರೆದಿರುವುದು ತಡ ಮತ್ತು ರದ್ದಿಗೆ. ಡೈವರ್ಟ್ ಆದಾಗ ಕಂಪನಿಗಳು ಇದನ್ನು ತಮಗೆ ಬೇಕಾದ ಹಾಗೆ ಓದುವುದುಂಟು. ಕೌಂಟರ್‌ನಲ್ಲಿ ಕೇಳಿ. ಕೊಡದಿದ್ದರೆ ಬಿಲ್ ಇಟ್ಟುಕೊಳ್ಳಿ, ಕಂಪನಿಗೆ ಬರೆಯಿರಿ, ಉತ್ತರ ಬಾರದಿದ್ದರೆ ಸರ್ಕಾರದ ಏರ್‌ಸೇವಾ ಪೋರ್ಟಲ್‌ನಲ್ಲಿ ದೂರು ಕೊಡಿ. ಪ್ರಯಾಣ ವಿಮೆ ಇದ್ದರೆ, ವಿಮಾನ ಎಲ್ಲಿಗೆ, ಯಾಕೆ ತಿರುಗಿತು ಅಂತ ಕಂಪನಿಯಿಂದ ಪತ್ರ ಕೇಳಿ. ವಿಮೆಯವರು ಮೊದಲು ಕೇಳುವುದು ಅದನ್ನೇ.

## ದುಬೈನಿಂದಲೋ ಫ್ರಾಂಕ್‌ಫರ್ಟ್‌ನಿಂದಲೋ ಬರುತ್ತಿದ್ದರೆ?

ವಿಮಾನ ಮುಂದುವರಿಯುವುದಾದರೆ ನಿಮ್ಮನ್ನು ಇಳಿಸುವುದು ತೀರಾ ಅಪರೂಪ. ಇಮಿಗ್ರೇಷನ್, ಕಸ್ಟಮ್ಸ್ ಬೆಂಗಳೂರಲ್ಲೇ ಆಗುತ್ತದೆ. ಚೆನ್ನೈಯಲ್ಲೇ ಮುಗಿಸಿದರೆ ಎರಡೂ ಅಲ್ಲೇ ಮುಗಿಸಿ, ಬ್ಯಾಗ್ ಎತ್ತಿಕೊಂಡು, ದೇಶೀಯ ಪ್ರಯಾಣಿಕರಾಗಿ ಮುಂದೆ ಹೋಗಬೇಕು. ಡ್ಯೂಟಿ ಫ್ರೀ ಬಾಟಲಿ ಕೈಯಲ್ಲಿದ್ದರೆ ಆಗ ಚೆಕ್-ಇನ್ ಬ್ಯಾಗ್‌ಗೆ ಸೇರಿಸಿಬಿಡಿ, ತಪಾಸಣೆಯಲ್ಲಿ ತಕರಾರು ಬೇಡ.

ವೀಸಾ ಇಲ್ಲದ ದೇಶದಲ್ಲಿ ಇಳಿದರೆ? 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ರಷ್ಯಾದ ಮಗದಾನ್‌ನಲ್ಲಿ ಇಳಿಯಿತು. 216 ಪ್ರಯಾಣಿಕರಿದ್ದರು. ಊರು ಸಣ್ಣದು, ಎಲ್ಲರಿಗೂ ಸಾಲುವಷ್ಟು ಹೋಟೆಲ್ ಇಲ್ಲ. ಶಾಲೆ, ಹಾಸ್ಟೆಲ್‌ನಂಥ ಜಾಗಗಳಲ್ಲಿ ಉಳಿಸಿದರು. ಮುಂಬೈಯಿಂದ ಬೇರೆ ವಿಮಾನ ಕಳಿಸಿ ಅವರನ್ನು ಕರೆದೊಯ್ಯುವ ಹೊತ್ತಿಗೆ ಜೂನ್ 8 ಆಗಿತ್ತು. ಇಂಥ ಕಡೆ ಅಲ್ಲಿನ ಅಧಿಕಾರಿಗಳು ತಾತ್ಕಾಲಿಕವಾಗಿ ಇರಲು ಬಿಡುತ್ತಾರೆ. ಗುಂಪು ಬಿಟ್ಟು ನಿಮ್ಮಷ್ಟಕ್ಕೆ ಹೊರಡಲು ಮಾತ್ರ ಆಗುವುದಿಲ್ಲ.

## ನಾನು ಕರೆದುಕೊಂಡು ಬರಲು ಹೋದವನು. ಹೇಗೆ ತಿಳಿಯುವುದು?

ನಿಲ್ದಾಣದ ಫಲಕದಲ್ಲಿ ಸುದ್ದಿ ತಡವಾಗಿ ಬರುತ್ತದೆ. ಫ್ಲೈಟ್‌ರೇಡಾರ್24ನಂಥ ಆ್ಯಪ್‌ನಲ್ಲಿ ವಿಮಾನದ ಸಂಖ್ಯೆ ಹಾಕಿ. ಕೋಲಾರದ ಆಚೆ ಉದ್ದನೆಯ ಅಂಡಾಕಾರದಲ್ಲಿ ಸುತ್ತುತ್ತಿದ್ದರೆ ಕಾಯುತ್ತಿದೆ ಅಂತ. ನೇರ ಗೆರೆಯಾಗಿ ಪೂರ್ವಕ್ಕೆ ಹೊರಟು Diverted ಅಂತ ಬಂದರೆ ಮನೆಗೆ ಹೋಗಿ ಊಟ ಮಾಡಿ. ಚೆನ್ನೈಯಿಂದ ಮತ್ತೆ ಮೇಲೇರಿದ್ದು ಕಂಡ ಮೇಲೆ ಇಳಿಯಲು ಮುಕ್ಕಾಲು ಗಂಟೆ, ಬ್ಯಾಗ್‌ಗೆ ಇನ್ನರ್ಧ ಗಂಟೆ. ಜಯನಗರದಿಂದ ಹೊರಡಲು ಅಷ್ಟು ಸಮಯ ಸಾಕು, ಹೆಬ್ಬಾಳದಲ್ಲಿ ನೀರು ನಿಂತಿಲ್ಲದಿದ್ದರೆ.